ಗುಣಾಕಾರ ಬಿಟ್ಟು ಕೂಡಿದರೆ ಎಷ್ಟು ಉಳಿತಾಯ?

ಕ್ಯಾಮೆರಾ ಮುಂದಿರುವುದು ನಾಯಿಯೋ ಬೆಕ್ಕೋ ಎಂದು ಫೋನು ಹೇಳಬೇಕಾದರೆ ಅದರೊಳಗಿನ ನರಜಾಲದಲ್ಲಿ ಲಕ್ಷಗಟ್ಟಲೆ ಸಂಖ್ಯೆಗಳು ಕೂತಿರಬೇಕು. ತರಬೇತಿಯಲ್ಲಿ ತಿದ್ದಿ ತಿದ್ದಿ ಸಿದ್ಧವಾಗುವ ಇವೇ ಪ್ಯಾರಾಮೀಟರ್‌ಗಳು. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಮೊಬೈಲ್‌ನೆಟ್‌ನಲ್ಲಿ ಇವು ಸುಮಾರು 42 ಲಕ್ಷ. ಅದೇ ಜಾಲವನ್ನು ಮಾಮೂಲಿ ಕನ್ವಲ್ಯೂಷನ್‌ನಿಂದ ಕಟ್ಟಿದರೆ 2 ಕೋಟಿ 93 ಲಕ್ಷ. ಸಂಖ್ಯೆಯೊಂದಕ್ಕೆ 4 ಬೈಟ್ ಹಿಡಿದರೂ 117 ಎಂಬಿ ಜಾಗ ಬೇಡುತ್ತಿದ್ದದ್ದು 17 ಎಂಬಿಗೆ ಇಳಿಯಿತು.

ಹೇಗೆಂದು ತಿಳಿಯಲು ಅದರ ನಡುವಿನ ಒಂದು ಪದರ ಸಾಕು. ಅಲ್ಲಿಗೆ ಚಿತ್ರ ಬರುವುದು 512 ಹಾಳೆಗಳ ಕಟ್ಟಾಗಿ. ಹಾಳೆಗೆ ಚಾನೆಲ್ ಎಂದು ಹೆಸರು. ಹೊರಗೆ ಹೋಗಬೇಕಾದವೂ 512. ಮಾಮೂಲಿ ಫಿಲ್ಟರ್ ಮೂರು ಸಾಲು, ಮೂರು ಕಂಬದ ಕಿಂಡಿಯಿಂದ ಎಲ್ಲ ಹಾಳೆಗಳನ್ನೂ ಒಟ್ಟಿಗೇ ನೋಡುತ್ತದೆ. ಅದಕ್ಕೆ 9 × 512, ಅಂದರೆ 4,608 ಸಂಖ್ಯೆ ಬೇಕು. ಸಿಗುವುದು ಒಂದೇ ಹೊಸ ಹಾಳೆ. 512 ಹಾಳೆ ಬೇಕೆಂದರೆ ಅಷ್ಟೇ ಫಿಲ್ಟರ್‌ಗಳು: ಒಟ್ಟು 23,59,296.

ಇಲ್ಲಿ ಎರಡು ಕೆಲಸ ಬೆರೆತಿವೆ. ಅಕ್ಕಪಕ್ಕದ ಚುಕ್ಕಿಗಳನ್ನು ನೋಡುವುದು ಒಂದು, ಹಾಳೆಗಳನ್ನು ಬೆರೆಸುವುದು ಇನ್ನೊಂದು. ಇವನ್ನು ಬಿಡಿಸುವುದೇ ಡೆಪ್ತ್‌ವೈಸ್ ಸೆಪರೇಬಲ್ ಕನ್ವಲ್ಯೂಷನ್. ಮೊದಲ ಹಂತದಲ್ಲಿ ಪ್ರತಿ ಹಾಳೆಗೂ ಅದರದ್ದೇ ಒಂದು ಕಿಂಡಿ; ಖರ್ಚು 9 × 512 = 4,608. ಎರಡನೆಯದರಲ್ಲಿ ಅಕ್ಕಪಕ್ಕ ನೋಡದೆ, ಒಂದೊಂದು ಚುಕ್ಕಿಯಲ್ಲೂ ಹಾಳೆಗಳನ್ನು ಬೆರೆಸುವುದಷ್ಟೇ; ಖರ್ಚು 512 × 512 = 2,62,144. ಒಟ್ಟು 2,66,752. ಮೊದಲಿಗಿಂತ 8.8 ಪಟ್ಟು ಕಡಿಮೆ.

ಆ 9 ಮೊದಲು ಇಡೀ ಮೊತ್ತವನ್ನು ಗುಣಿಸುತ್ತಿತ್ತು, ಈಗ ಪಕ್ಕದಲ್ಲಿ ಒಂದಿಷ್ಟು ಕೂಡಿಕೊಳ್ಳುತ್ತದೆ. ಹಾಗಾಗಿ ಈ ಅಳತೆಯ ಕಿಂಡಿಯಲ್ಲಿ ಹಾಳೆಗಳೆಷ್ಟೇ ಇರಲಿ, ಉಳಿತಾಯ 9 ಪಟ್ಟು ದಾಟುವುದಿಲ್ಲ.

ಆದರೆ ಇಡೀ ಜಾಲದ ಉಳಿತಾಯ 7 ಪಟ್ಟು ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಕೊನೆಯಲ್ಲಿ ಚಿತ್ರವನ್ನು 1,000 ವರ್ಗಗಳಲ್ಲಿ ಒಂದಕ್ಕೆ ಸೇರಿಸುವ ಪದರವಿದೆ. ಅದರ ಸುಮಾರು 10 ಲಕ್ಷ ಸಂಖ್ಯೆಗಳನ್ನು ಈ ಉಪಾಯ ಮುಟ್ಟುವುದೇ ಇಲ್ಲ. ಎರಡೂ ಕಡೆ ಅಷ್ಟನ್ನು ಕಳೆದು ನೋಡಿ, ಮತ್ತೆ 8.8ರ ಹತ್ತಿರ ಬರುತ್ತದೆ.

ಇದಕ್ಕೆ ತೆತ್ತ ಬೆಲೆ? ಇಮೇಜ್‌ನೆಟ್ ಪರೀಕ್ಷೆಯಲ್ಲಿ ನಿಖರತೆ ಶೇ 71.7ರಿಂದ 70.6ಕ್ಕೆ ಇಳಿಯಿತು. ನನ್ನ ಮಟ್ಟಿಗೆ ಇದು ಅಗ್ಗದ ವ್ಯಾಪಾರ. ವೇಗವೂ 7 ಪಟ್ಟಾಗುತ್ತದೆ ಎಂದುಕೊಳ್ಳಬೇಡಿ. ಮೊದಲ ಹಂತದಲ್ಲಿ ಲೆಕ್ಕಕ್ಕಿಂತ ಮೆಮೊರಿಯಿಂದ ತಂದು ಹಾಕುವ ಕೆಲಸವೇ ಹೆಚ್ಚು, ಚಿಪ್ ಕಾಯುತ್ತ ಕೂರುತ್ತದೆ.

ಪೈಟಾರ್ಚ್‌ನಲ್ಲಿ ಮೊದಲ ಹಂತ ಒಂದೇ ಸಾಲು:

```python
nn.Conv2d(512, 512, 3, padding=1, groups=512, bias=False)
```

`groups` ಬರೆಯಲು ಮರೆತರೂ ಪ್ರೋಗ್ರಾಂ ಸುಮ್ಮನೆ ಓಡುತ್ತದೆ, ದೋಷ ತೋರಿಸುವುದಿಲ್ಲ. ಆ ಪದರದ ಪ್ಯಾರಾಮೀಟರ್ ಎಣಿಸಿ: 4,608 ಬಂದರೆ ಸರಿ, 23,59,296 ಬಂದರೆ ನೀವು ಕಟ್ಟಿದ್ದು ಹಳೆಯ ಕನ್ವಲ್ಯೂಷನ್ನೇ.