ಎರಡು ಲೇತು, ಆರು ಮಾತು

‘ಗುರುವಾರ ಸಂಜೆ ಕೊಟ್ಬಿಡ್ತೀನಿ ಸರ್’ ಎಂಬ ಮಾತನ್ನು ಪೀಣ್ಯದ ಶೆಡ್ಡುಗಳಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತಾರೋ! ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಶಾಫ್ಟಿನ ಕೆಲಸ ಹದಿನಾರು ಗಂಟೆಯದ್ದು, ಅಂದರೆ ಎರಡು ದಿನ, ಇವತ್ತು ಸೋಮವಾರ, ಗುರುವಾರಕ್ಕೆ ಧಾರಾಳವಾಗಿ ಆಗುತ್ತದೆ. ಲೆಕ್ಕ ಸರಿಯೇ. ಆದರೆ ಮಾತು ಕೊಡುವಾಗ ನೋಡಿದ್ದು ಆ ಒಂದು ಕೆಲಸವನ್ನು ಮಾತ್ರ. ಅದೇ ಲೇತಿನ ಮೇಲೆ ಇನ್ಯಾರಿಗೆ ಏನೇನು ಮಾತು ಕೊಟ್ಟಾಗಿದೆ ಎಂಬುದು ಆ ಹೊತ್ತಿಗೆ ತಲೆಯಲ್ಲಿ ಇರಲಿಲ್ಲ.

ಇಂಥ ಒಂದು ಶೆಡ್ಡನ್ನು ಕಲ್ಪಿಸಿಕೊಳ್ಳೋಣ. ಎರಡು ಸಿಎನ್‌ಸಿ ಲೇತುಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದರಲ್ಲಿ ಆಗುವುದೆಲ್ಲ ದೊಡ್ಡದರಲ್ಲೂ ಆಗುತ್ತದೆ. ಆದರೆ ಉದ್ದದ ಶಾಫ್ಟು, ಅಗಲದ ಫ್ಲೇಂಜು ಚಿಕ್ಕದಕ್ಕೆ ಹತ್ತುವುದಿಲ್ಲ. ದಿನಕ್ಕೆ ಒಂದು ಪಾಳಿ. ಊಟ, ಟೀ, ಕಸ ತೆಗೆಯುವುದು ಎಲ್ಲ ಕಳೆದು ಮಷಿನು ನಿಜವಾಗಿ ಓಡುವುದು 8 ಗಂಟೆ. ಸೋಮವಾರ ಬೆಳಿಗ್ಗೆ ಬೋರ್ಡಿನ ಮೇಲೆ ಆರು ಕೆಲಸಗಳಿವೆ, ಆರ್ಡರು ಬಂದ ಸಾಲಿನಲ್ಲಿ:

ಕಪ್ಲಿಂಗ್ – 18 ಗಂಟೆ – ಶುಕ್ರವಾರ ಸಂಜೆ
ಶಾಫ್ಟ್ – 16 ಗಂಟೆ – ಗುರುವಾರ ಸಂಜೆ (ದೊಡ್ಡದರಲ್ಲಿ ಮಾತ್ರ)
ಬುಶ್ – 14 ಗಂಟೆ – ಶನಿವಾರ ಸಂಜೆ
ಪಿನ್ನು – 10 ಗಂಟೆ – ಮಂಗಳವಾರ ಸಂಜೆ
ಫ್ಲೇಂಜ್ – 6 ಗಂಟೆ – ಮಂಗಳವಾರ ಸಂಜೆ (ದೊಡ್ಡದರಲ್ಲಿ ಮಾತ್ರ)
ರೋಲರ್ – 12 ಗಂಟೆ – ಬುಧವಾರ ಸಂಜೆ

ಈ ಗಂಟೆಗಳು ಎಲ್ಲಿಂದ ಬಂದವು ಎಂದು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಬಹಳಷ್ಟು ಶೆಡ್ಡುಗಳ ಲೆಕ್ಕ ತಪ್ಪುವುದು ಇಲ್ಲಿಯೇ. ಕಪ್ಲಿಂಗ್ 64 ಪೀಸು. ಮಷಿನಿನ ಪರದೆ ಒಂದು ಪೀಸಿಗೆ 12 ನಿಮಿಷ ಎಂದು ತೋರಿಸುತ್ತದೆ. ಆದರೆ ಪೀಸನ್ನು ಚಕ್ಕಿಗೆ ಹಾಕಿ ತೆಗೆದು, ಒರೆಸಿ, ಅಳತೆ ನೋಡುವುದಕ್ಕೆ ಇನ್ನೂ 3 ನಿಮಿಷ ಹೋಗುತ್ತದೆ. ಒಟ್ಟು 15 ನಿಮಿಷವೆಂದರೆ 64 ಪೀಸಿಗೆ 16 ಗಂಟೆ. ಅದರ ಮುಂದೆ ಜಾ ಬದಲಿಸಿ, ಟೂಲು ಕೂಡಿಸಿ, ಮೊದಲ ಪೀಸು ಪಾಸಾಗುವ ತನಕದ ಸೆಟ್ಟಿಂಗಿಗೆ 2 ಗಂಟೆ. ಹೀಗೆ 18. ಪರದೆಯ 12 ನಿಮಿಷವನ್ನೇ ನಂಬಿದ್ದರೆ 13 ಗಂಟೆಗೂ ಕಡಿಮೆ ಬರುತ್ತಿತ್ತು.

ಬಂದ ಸಾಲಿನಲ್ಲೇ ಮಾಡಿದರೆ ಏನಾಗುತ್ತದೆ ನೋಡಿ. ಕಪ್ಲಿಂಗ್ ಚಿಕ್ಕದಕ್ಕೆ, ಶಾಫ್ಟ್ ದೊಡ್ಡದಕ್ಕೆ. ಗುರುವಾರ ಬೇಕಾದ ಶಾಫ್ಟು ಮಂಗಳವಾರವೇ ಮುಗಿದು ಮೂಲೆಯಲ್ಲಿ ಕೂರುತ್ತದೆ. ಮಂಗಳವಾರ ಬೇಕಾದ ಪಿನ್ನು ಗುರುವಾರ ಮಧ್ಯಾಹ್ನ ಮುಗಿಯುತ್ತದೆ, ಫ್ಲೇಂಜು ಶುಕ್ರವಾರ ಮಧ್ಯಾಹ್ನ, ಬುಧವಾರದ ರೋಲರು ಶುಕ್ರವಾರ ಸಂಜೆ. ಆರರಲ್ಲಿ ಮೂರು ಮಾತು ತಪ್ಪಿತು. ಮಷಿನುಗಳು ಒಂದು ನಿಮಿಷವೂ ಖಾಲಿ ನಿಂತಿಲ್ಲ, ಆಪರೇಟರು ಮೈಗಳ್ಳತನ ಮಾಡಿಲ್ಲ. ಚಿಕ್ಕ ಕೆಲಸಗಳನ್ನು ಮೊದಲು ಮುಗಿಸಿಬಿಡೋಣ ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಈ ಪಟ್ಟಿಯಲ್ಲಿ ಶಾಫ್ಟು ಮತ್ತು ಕಪ್ಲಿಂಗು ಎರಡೆರಡು ಗಂಟೆ ತಡವಾಗುತ್ತವೆ.

ಹಾಗಾದರೆ ಯಾವುದು ಮೊದಲು ಬೇಕೋ ಅದನ್ನು ಮೊದಲು ಮಾಡುವುದು. ಇದು ಬುದ್ಧಿಗೆ ತಾನಾಗಿ ಹೊಳೆಯುವ ಮಾತಾದರೂ, ಒಂದೇ ಮಷಿನು ಇದ್ದಾಗ ಇದಕ್ಕಿಂತ ಒಳ್ಳೆಯ ಸಾಲು ಇಲ್ಲ ಎಂದು ಅಮೆರಿಕದ ಜೇಮ್ಸ್ ಜಾಕ್ಸನ್ 1955ರಲ್ಲಿ ತೋರಿಸಿಕೊಟ್ಟ. ಎಲ್ಲ ಕೆಲಸಗಳ ಸರಕೂ ಮೊದಲೇ ಕೈಯಲ್ಲಿದ್ದರೆ, ಗಡುವಿನ ಸಾಲಿನಲ್ಲಿ ಮಾಡಿದಾಗ ಅತಿ ಹೆಚ್ಚು ತಡವಾದ ಕೆಲಸದ ತಡ ಸಾಧ್ಯವಾದಷ್ಟು ಕಡಿಮೆ ಇರುತ್ತದೆ. ಆ ಸಾಲಿನಲ್ಲೂ ಯಾವುದಾದರೂ ಮಾತು ತಪ್ಪಿದರೆ, ಬೇರೆ ಯಾವ ಸಾಲಿನಲ್ಲೂ ಎಲ್ಲ ಮಾತು ಉಳಿಯುವುದಿಲ್ಲ.

ಮಷಿನು ಎರಡಾದ ಕೂಡಲೇ ಈ ಭರವಸೆ ಹೋಗುತ್ತದೆ. ನಮ್ಮ ಶೆಡ್ಡಿನಲ್ಲೇ ನೋಡೋಣ. ಗಡುವಿನ ಸಾಲು ಹಿಡಿದು, ಯಾವ ಮಷಿನು ಮೊದಲು ಬಿಡುವಾಗುತ್ತದೋ ಅದಕ್ಕೆ ಮುಂದಿನ ಕೆಲಸ ಹಾಕುತ್ತಾ ಹೋದರೆ ಫ್ಲೇಂಜು ದೊಡ್ಡದಕ್ಕೆ, ಪಿನ್ನು ಚಿಕ್ಕದಕ್ಕೆ. ಆರು ಗಂಟೆಗೆ ದೊಡ್ಡದು ಬಿಡುವಾಯಿತು. ಮುಂದಿನದು ರೋಲರು, ಅದನ್ನು ಅಲ್ಲಿಗೇ ಹಾಕಿದೆವು. ಹದಿನೆಂಟನೆಯ ಗಂಟೆಗೆ ಮುಗಿಯಿತು. ಆಮೇಲೆ ಶಾಫ್ಟು ಹತ್ತಿಸಿದರೆ ಅದು ಮುಗಿಯುವುದು 34ನೆಯ ಗಂಟೆಗೆ. ಗುರುವಾರ ಸಂಜೆಯೆಂದರೆ 32. ಶುಕ್ರವಾರ ಬೆಳಿಗ್ಗೆ ಇನ್ನೂ ಎರಡು ಗಂಟೆ ಬೇಕು. ಉಳಿದ ಐದೂ ಸರಿಯಾದ ಹೊತ್ತಿಗೆ ಆದವು, ಶಾಫ್ಟಿನ ಗಾಡಿ ಮಾತ್ರ ಬಂದು ಖಾಲಿ ಹೋಯಿತು.

ತಪ್ಪಾದದ್ದು ಸೋಮವಾರ ಮಧ್ಯಾಹ್ನ. ದೊಡ್ಡ ಲೇತು ಬಿಡುವಾಗಿದೆ ಎಂಬ ಒಂದೇ ಕಾರಣಕ್ಕೆ, ಚಿಕ್ಕದರಲ್ಲೂ ಆಗಬಹುದಾಗಿದ್ದ ರೋಲರನ್ನು ಅದರ ಮೇಲೆ ಕೂರಿಸಿದೆವು. ರೋಲರು ಇನ್ನು ನಾಲ್ಕು ಗಂಟೆ ಕಾದಿದ್ದರೆ ಚಿಕ್ಕ ಲೇತಿನಲ್ಲಿ ಪಿನ್ನಿನ ಹಿಂದೆಯೇ ಹತ್ತಿ 22ನೆಯ ಗಂಟೆಗೆ, ಬುಧವಾರ ಸಂಜೆಗೆ ಎರಡು ಗಂಟೆ ಮೊದಲೇ ಮುಗಿಯುತ್ತಿತ್ತು. ದೊಡ್ಡದರಲ್ಲಿ ಫ್ಲೇಂಜಿನ ಬೆನ್ನಿಗೇ ಶಾಫ್ಟು ಹತ್ತಿ ಅದೂ 22ಕ್ಕೆ ಮುಗಿಯುತ್ತಿತ್ತು. ಆಮೇಲೆ ದೊಡ್ಡದಕ್ಕೆ ಕಪ್ಲಿಂಗು, ಅದು 40ಕ್ಕೆ, ಶುಕ್ರವಾರ ಸಂಜೆ ಸರಿಯಾಗಿ. ಚಿಕ್ಕದಕ್ಕೆ ಬುಶ್ಶು, ಅದು 36ಕ್ಕೆ. ಆರೂ ಮಾತು ಉಳಿದವು. ಮೂರು ದಿನದ ನಂತರ ಬೇಕಾಗುವ ಶಾಫ್ಟನ್ನು ಎತ್ತಿಕೊಂಡು, ನಾಳಿದ್ದೇ ಬೇಕಾದ ರೋಲರನ್ನು ಕೆಳಗೆ ಕಾಯಿಸುವುದು ನೋಡುವವರಿಗೆ ತಲೆಕೆಳಗು ಅನ್ನಿಸುತ್ತದೆ. ಆದರೆ ಈ ವಾರ ಬಿಗಿಯಾಗಿರುವುದು ದೊಡ್ಡ ಲೇತಿನ ಹೊತ್ತು.

ಇದನ್ನು ಕಂಡುಹಿಡಿಯಲು ಜಾಣತನ ಬೇಕಿಲ್ಲ, ಒಂದು ಹಾಳೆ ಮತ್ತು ಅರ್ಧ ಗಂಟೆ ಸಾಕು. ಯಾವ ಕೆಲಸ ಯಾವ ಮಷಿನಿಗೆ ಎಂದು ಒಮ್ಮೆ ಹಂಚಿಬಿಟ್ಟರೆ, ಪ್ರತಿ ಮಷಿನಿನೊಳಗೆ ಗಡುವಿನ ಸಾಲೇ ಸರಿ. ಅಲ್ಲಿ ಜಾಕ್ಸನ್‌ನ ಮಾತು ನಡೆಯುತ್ತದೆ. ಹಾಗಾಗಿ ಯೋಚಿಸಬೇಕಾದದ್ದು ಹಂಚಿಕೆ ಮಾತ್ರ. ಫ್ಲೇಂಜು, ಶಾಫ್ಟು ದೊಡ್ಡದಕ್ಕೇ ಎಂದು ಗೊತ್ತಿದೆ. ಉಳಿದ ನಾಲ್ಕಕ್ಕೆ ಎರಡೆರಡು ಆಯ್ಕೆ, ಒಟ್ಟು ಹದಿನಾರು ಬಗೆ. ಹದಿನಾರನ್ನೂ ಬರೆದು ನೋಡಿದರೆ ಎಲ್ಲ ಮಾತೂ ಉಳಿಯುವ ಹಂಚಿಕೆಗಳು ನಾಲ್ಕೇ. ಕೆಲಸ ಇಪ್ಪತ್ತಾದರೆ ಈ ಆಟ ನಡೆಯುವುದಿಲ್ಲ. ಆಗ ಹಂಚಿಕೆಗಳು ಹತ್ತು ಲಕ್ಷ ದಾಟುತ್ತವೆ, ಕಂಪ್ಯೂಟರಿನ ಮೊರೆ ಹೋಗಬೇಕಾಗುತ್ತದೆ.

ನಾಲ್ಕರಲ್ಲಿ ಯಾವುದನ್ನು ಹಿಡಿಯುವುದು? ಇಲ್ಲಿ ಮಾಲೀಕನ ಅನುಭವ ಮಾತಾಡಬೇಕು. ಒಂದು ಬಗೆಯಲ್ಲಿ ಪಿನ್ನನ್ನೂ ದೊಡ್ಡದಕ್ಕೆ ಹಾಕಬಹುದು. ಆಗ ಕಪ್ಲಿಂಗು ಗುರುವಾರವೇ ಮುಗಿಯುತ್ತದೆ, ಆದರೆ ಪಿನ್ನು ಮಂಗಳವಾರ ಸಂಜೆಗೆ, ಶಾಫ್ಟು ಗುರುವಾರ ಸಂಜೆಗೆ ಒಂದು ನಿಮಿಷವೂ ಉಳಿಯದಂತೆ ಮುಗಿಯುತ್ತವೆ. ಮಂಗಳವಾರ ಅರ್ಧ ಗಂಟೆ ಕರೆಂಟು ಹೋದರೂ ಎರಡು ಮಾತು ಹೋದವು. ಮೊದಲು ಹೇಳಿದ ಹಂಚಿಕೆಯಲ್ಲಿ ಬಿಡುವೇ ಇಲ್ಲದ್ದು ಕಪ್ಲಿಂಗು ಒಂದೇ, ಅದೂ ಶುಕ್ರವಾರ. ಇನ್ಸರ್ಟು ಮುರಿದರೂ ಆಪರೇಟರು ಬರದಿದ್ದರೂ ಸರಿಮಾಡಿಕೊಳ್ಳಲು ಮಧ್ಯೆ ದಿನಗಳಿವೆ. ನಾನಾದರೆ ಅದನ್ನೇ ಹಿಡಿಯುತ್ತೇನೆ.

ಕಪ್ಲಿಂಗಿಗೂ ಸ್ವಲ್ಪ ಉಸಿರಾಡಲು ಜಾಗ ಬೇಕೆಂದರೆ ಬ್ಯಾಚನ್ನು ಒಡೆಯಬಹುದು. 22ನೆಯ ಗಂಟೆಗೆ ಎರಡೂ ಲೇತು ಬಿಡುವಾಗುತ್ತವಲ್ಲ, 32 ಪೀಸು ಅಲ್ಲಿ, 32 ಪೀಸು ಇಲ್ಲಿ. ಪ್ರತಿಯೊಂದಕ್ಕೂ 2 ಗಂಟೆ ಸೆಟ್ಟಿಂಗು, 8 ಗಂಟೆ ಓಟ. ಗುರುವಾರ ಸಂಜೆಗೇ ಮುಗಿದು ಒಂದು ಪೂರ್ತಿ ದಿನ ಉಳಿಯುತ್ತದೆ. ಬೆಲೆಯೇನೆಂದರೆ ಎರಡನೆಯ ಸೆಟ್ಟಿಂಗಿನ 2 ಗಂಟೆ, ಮತ್ತು ಎರಡು ಮಷಿನಿನಿಂದ ಬಂದ ಪೀಸುಗಳ ಅಳತೆ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವ ತಲೆನೋವು. ಬುಶ್ಶು 46ನೆಯ ಗಂಟೆಗೆ, ಶನಿವಾರ ಸಂಜೆಗೆ ಎರಡೇ ಗಂಟೆ ಮುಂಚೆ ಮುಗಿಯುತ್ತದೆ.

ಈಗ ಫೋನು ಬರಲಿ. ಸೋಮವಾರ ಬೆಳಿಗ್ಗೆಯೇ, ಇನ್ನೂ ಮಷಿನು ಹಾಕುವ ಮುಂಚೆ. 14 ಗಂಟೆಯ ಒಂದು ಕೆಲಸ, ಬುಧವಾರ ಸಂಜೆಗೆ ಬೇಕಂತೆ. ಹೆಚ್ಚಿನವರು ಮಾಡುವ ಲೆಕ್ಕ ಹೀಗೆ: ಬುಧವಾರದ ತನಕ ಎರಡು ಲೇತಿಗೆ ಸೇರಿ 48 ಗಂಟೆ ಇದೆ. ಬುಧವಾರದೊಳಗೆ ಕೊಡಬೇಕಾದದ್ದು ಫ್ಲೇಂಜು, ಪಿನ್ನು, ರೋಲರು, ಹೊಸದು ಎಲ್ಲ ಸೇರಿ 42. ಇನ್ನೂ 6 ಗಂಟೆ ಉಳಿಯಿತು. ಗುರುವಾರ, ಶುಕ್ರವಾರ, ಶನಿವಾರದ ಮೊತ್ತ ತೆಗೆದರೂ ಎಲ್ಲ ಕಡೆ ಹೊತ್ತು ಮಿಗುತ್ತದೆ. ‘ಆಗುತ್ತೆ ಸರ್.’

ಆಗುವುದಿಲ್ಲ. ಪಿನ್ನು, ರೋಲರು, ಹೊಸ ಕೆಲಸ ಸೇರಿ 36 ಗಂಟೆ, ಮೂರೂ ಬುಧವಾರದೊಳಗೆ. ಚಿಕ್ಕ ಲೇತು ಅಷ್ಟರೊಳಗೆ ಹೆಚ್ಚೆಂದರೆ 24 ಗಂಟೆ ಓಡೀತು. ಮಿಕ್ಕ 12 ಗಂಟೆ ದೊಡ್ಡದಕ್ಕೇ ಬರಬೇಕು. ಅಲ್ಲಿ ಫ್ಲೇಂಜಿನ 6, ಶಾಫ್ಟಿನ 16 ಆಗಲೇ ಇವೆ. ಒಟ್ಟು 34, ಗುರುವಾರ ಸಂಜೆಯ ತನಕ ಇರುವುದು 32. ಹೇಗೆ ಹಂಚಿದರೂ, ಬ್ಯಾಚು ಒಡೆದರೂ ಆ 2 ಗಂಟೆ ಎಲ್ಲಿಂದಲೂ ಹುಟ್ಟುವುದಿಲ್ಲ. ಎರಡು ಮಷಿನಿನ ಗಂಟೆಗಳನ್ನು ಕೂಡಿದ್ದೇ ತಪ್ಪು. ಮೊತ್ತ ಮೀರಿದರೆ ಆಗದು ಎಂಬುದು ಖಚಿತ, ಮೀರದಿದ್ದರೆ ಆಗುತ್ತದೆ ಎಂಬುದಕ್ಕೆ ಖಾತ್ರಿ ಇಲ್ಲ.

ಹೀಗೆ ಸಿಕ್ಕಿಕೊಂಡಾಗ ಯಾರನ್ನು ಕಾಯಿಸುವುದು ಎಂಬುದಕ್ಕೂ ಒಂದು ಸೂತ್ರವಿದೆ. ಮೈಕೆಲ್ ಮೂರ್ ಎಂಬಾತ 1968ರಲ್ಲಿ ಪ್ರಕಟಿಸಿದ್ದು, ಒಂದು ಮಷಿನಿನ ಮಟ್ಟಿಗೆ. ಗಡುವಿನ ಸಾಲಿನಲ್ಲಿ ಕೂಡುತ್ತಾ ಹೋಗಿ, ಯಾವುದಾದರೂ ಗಡುವು ಮೀರಿದ ಕೂಡಲೇ ಅಲ್ಲಿಯವರೆಗಿನ ಅತಿ ಉದ್ದದ ಕೆಲಸವನ್ನು ಎತ್ತಿ ಕೊನೆಗೆ ಹಾಕುವುದು. ಮಾತು ತಪ್ಪುವ ಗಿರಾಕಿಗಳ ಸಂಖ್ಯೆ ಆಗ ಅತಿ ಕಡಿಮೆ. ಗಣಿತ ಅಚ್ಚುಕಟ್ಟಾಗಿದೆ, ಆದರೆ ಅದಕ್ಕೆ ಎಲ್ಲ ಗಿರಾಕಿಗಳೂ ಒಂದೇ. ತಿಂಗಳು ತಿಂಗಳು ತಪ್ಪದೆ ದುಡ್ಡು ಕೊಡುವವರ ಉದ್ದದ ಕೆಲಸವನ್ನು ಕೊನೆಗೆ ತಳ್ಳುವ ಮಾಲೀಕ ಎಲ್ಲಿದ್ದಾನೆ?

ನಮ್ಮ ಮಾಲೀಕನ ಹಾಳೆಯಲ್ಲಿ ಇನ್ನೆರಡು ದಾರಿಗಳು ಕಾಣುತ್ತವೆ. ಗುರುವಾರ ಸಂಜೆ ದೊಡ್ಡ ಲೇತಿಗೆ 2 ಗಂಟೆ, ಶುಕ್ರವಾರ ಸಂಜೆ ಚಿಕ್ಕದಕ್ಕೆ 2 ಗಂಟೆ ಓಟಿ ಮಾಡಿದರೆ ಹೊಸ ಕೆಲಸ ಬುಧವಾರವೇ ಆಗುತ್ತದೆ, ಶಾಫ್ಟು ಮತ್ತು ಕಪ್ಲಿಂಗು ಅವೇ ದಿನಗಳ ರಾತ್ರಿಯೊಳಗೆ ಹೊರಡುತ್ತವೆ. ಓಟಿ ಬೇಡವೆಂದರೆ ಪಿನ್ನನ್ನು ದೊಡ್ಡದಕ್ಕೆ ಸರಿಸಿ, ಚಿಕ್ಕದರಲ್ಲಿ ರೋಲರು, ಕಪ್ಲಿಂಗು, ಆಮೇಲೆ ಹೊಸದು. ಅದು ಶನಿವಾರ ಮಧ್ಯಾಹ್ನ ಸಿಗುತ್ತದೆ. ಪಿನ್ನು, ಶಾಫ್ಟು ಮಾತ್ರ ಕೂದಲೆಳೆಯ ಮೇಲೆ ನಿಲ್ಲುತ್ತವೆ.

ಅವನು ಫೋನಿನಲ್ಲಿ ಎರಡನ್ನೂ ಹೇಳುತ್ತಾನೆ. ‘ಬುಧವಾರನೇ ಬೇಕು ಅಂದ್ರೆ ಓಟಿ ಚಾರ್ಜು ಬೀಳುತ್ತೆ ಸರ್, ಶನಿವಾರ ಮಧ್ಯಾಹ್ನ ಆದ್ರೆ ಇದೇ ರೇಟು.’ ಆ ಕಡೆಯವರು ಒಂದು ನಿಮಿಷ ಯಾರನ್ನೋ ಕೇಳಿ ಬರುತ್ತಾರೆ. ‘ಶನಿವಾರ ಸಾಕು. ಪ್ಲೇಟಿಂಗ್‌ನವರು ತಗೊಳ್ಳೋದೇ ಸೋಮವಾರ.’ ಬುಧವಾರ ಎಂಬುದು ಅವರು ತಮ್ಮ ಧೈರ್ಯಕ್ಕೆ ಹೇಳಿಕೊಂಡಿದ್ದ ದಿನ. ಮಾಲೀಕ ಬೋರ್ಡಿನ ಹತ್ತಿರ ಹೋಗಿ ಪಿನ್ನನ್ನು ಚಿಕ್ಕದರ ಸಾಲಿನಿಂದ ಅಳಿಸಿ, ದೊಡ್ಡದರ ಸಾಲಿನಲ್ಲಿ ಫ್ಲೇಂಜಿನ ಕೆಳಗೆ ಬರೆಯುತ್ತಾನೆ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲು: ‘ಪಿನ್ನಿನ ಇನ್ಸರ್ಟು ಇವತ್ತೇ ಎರಡು ಜಾಸ್ತಿ ತರಿಸು.’