ಸೊಂಟದ ಹಿಂದಿನ ಡಬ್ಬಿ

ಬೆಳಗ್ಗೆ ಎಂಟಕ್ಕೆ ಸಭಾಂಗಣ ಖಾಲಿ. ವಿಡಿಯೋಗ್ರಾಫರ್ ವೇದಿಕೆಯ ಮೇಲೆ ಕಾಲರ್ ಮೈಕ್ ಹಾಕಿಕೊಂಡು 'ಹಲೋ, ಒಂದು, ಎರಡು' ಎಂದಾಗ, ಹಿಂದಿನ ಗೋಡೆಯ ಪಕ್ಕದ ಕ್ಯಾಮೆರಾದಲ್ಲಿ ದನಿ ಚೆನ್ನಾಗಿಯೇ ದಾಖಲಾಯಿತು. ಹನ್ನೊಂದಕ್ಕೆ ನಾನ್ನೂರು ಜನ ಸೇರಿದ್ದರು. ಉಪನ್ಯಾಸ ಶುರುವಾದ ಐದೇ ನಿಮಿಷಕ್ಕೆ ಮಾತಿನ ನಡುವೆ ಅಲ್ಲಲ್ಲಿ ಅಕ್ಷರಗಳೇ ಮಾಯ. ಬೆಳಗ್ಗೆ ಸರಿಯಿದ್ದ ಮೈಕ್ ಮೂರು ತಾಸಿನಲ್ಲಿ ಕೆಟ್ಟಿತೇ?

ಮೈಕ್ ಕೆಟ್ಟಿರಲಿಲ್ಲ. ಕಡಿಮೆ ಬೆಲೆಯ ಬಹುತೇಕ ವೈರ್‌ಲೆಸ್ ಮೈಕ್‌ಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ. ವೈಫೈ, ಬ್ಲೂಟೂತ್‌ಗಳ ಸಂಚಾರವೂ ಅದೇ ದಾರಿಯಲ್ಲಿ. ನಾನ್ನೂರು ಜನರ ಜೇಬಿನಲ್ಲಿ ನಾನ್ನೂರು ಮೊಬೈಲ್ ಎಂದರೆ ಆ ದಾರಿ ಸಂತೆಬೀದಿಯಾದಂತೆ. ಸಾಲದ್ದಕ್ಕೆ ಈ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ಕೂತ ಜನರೆಲ್ಲ ಒಂದು ಒದ್ದೆ ಗೋಡೆ.

ಎಲ್ಲರಿಗಿಂತ ದೊಡ್ಡ ಅಡ್ಡಿ ಉಪನ್ಯಾಸಕರೇ ಆಗಿದ್ದರು, ಪಾಪ! ಮೈಕ್ ಅಂಗಿಯ ಮೇಲಿದ್ದರೂ ಅದರ ವೈರು ಸೇರುವ ಟ್ರಾನ್ಸ್‌ಮಿಟರ್ ಡಬ್ಬಿಯನ್ನು ಕಾಣಬಾರದೆಂದು ಸೊಂಟದ ಹಿಂದೆ ಸಿಕ್ಕಿಸಲಾಗಿತ್ತು. ಅವರು ಸಭಿಕರತ್ತ ತಿರುಗಿ ನಿಂತಾಗಲೆಲ್ಲ ಡಬ್ಬಿಗೂ ಕ್ಯಾಮೆರಾದ ರಿಸೀವರ್‌ಗೂ ನಡುವೆ ಅವರ ದೇಹವೇ ಅಡ್ಡ. ಪೆಟ್ಟಿಗೆಯ ಮೇಲೆ 'ನೂರು ಮೀಟರ್' ಎಂದು ಬರೆದಿರುವುದು ಬಯಲಿನಲ್ಲಿ, ಎದುರೆದುರು, ಏನೂ ಅಡ್ಡವಿಲ್ಲದಾಗಿನ ಲೆಕ್ಕ.

ಹೆಡ್‌ಫೋನ್ ಹಾಕಿ ಗಮನಿಸಿದರೆ ಕಾರಣ ಗೊತ್ತಾಗುತ್ತದೆ. ಭಾಷಣಕಾರ ತಿರುಗಿದಂತೆ ದನಿ ಹೋಗಿಬಂದರೆ ಅದು ದೇಹದ ನೆರಳು. ಡಿಜಿಟಲ್ ಮೈಕ್‌ಗಳಲ್ಲಿ ಇದು ಗೊರಗೊರ ಸದ್ದಾಗಿ ಅಲ್ಲ, ತುಂಡು ತುಂಡು ಮೌನವಾಗಿ ಕೇಳುತ್ತದೆ. ಕುತ್ತಿಗೆ ಆಡಿಸಿದಾಗ ಕರಕರ ಬಂದರೆ ವೈರನ್ನೋ ಪಿನ್ನನ್ನೋ ನೋಡಬೇಕು. ಮೊದಲ ತಾಸು ಸರಿಯಿದ್ದು ಆಮೇಲೆ ದನಿ ಒಮ್ಮೆಲೇ ನಿಂತರೆ ಬ್ಯಾಟರಿಯ ಮೇಲೆ ಅನುಮಾನ. ಎರಡು ಮೂರು ವರ್ಷ ದುಡಿದ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ತೋರಿಸಿದರೂ ಹೊಸದರಷ್ಟು ಹೊತ್ತು ಬಾಳುವುದಿಲ್ಲ. ರಿಸೀವರ್‌ಗೂ ಬ್ಯಾಟರಿ ಉಂಟೆನ್ನುವುದನ್ನು ಎಷ್ಟೋ ಜನ ಮರೆತೇಬಿಡುತ್ತಾರೆ.

ಆ ದಿನ ವಿಡಿಯೋಗ್ರಾಫರ್ ಚಹಾ ವಿರಾಮದಲ್ಲಿ ಎರಡು ಕೆಲಸ ಮಾಡಿದರು. ಡಬ್ಬಿಯನ್ನು ಸೊಂಟದ ಹಿಂದಿನಿಂದ ಮುಂದಕ್ಕೆ, ಕೋಟಿನೊಳಗಿನ ಜೇಬಿಗೆ ತಂದರು. ಇಪ್ಪತ್ತನಾಲ್ಕು ಮೀಟರ್ ದೂರವಿದ್ದ ರಿಸೀವರನ್ನು ವೇದಿಕೆಗೆ ಆರು ಮೀಟರ್ ಹತ್ತಿರ, ಜನರ ತಲೆಗಿಂತ ಎತ್ತರದ ಸ್ಟ್ಯಾಂಡಿಗೆ ಏರಿಸಿ, ಅಲ್ಲಿಂದ ಕ್ಯಾಮೆರಾಕ್ಕೆ ಉದ್ದನೆಯ ಆಡಿಯೋ ಕೇಬಲ್ ಎಳೆದರು. ತೆರೆದ ಜಾಗದ ಲೆಕ್ಕದಲ್ಲಿ ದೂರ ಕಾಲುಭಾಗಕ್ಕೆ ಇಳಿದರೆ ತಲುಪುವ ಸಂಕೇತದ ಬಲ ಹದಿನಾರು ಪಟ್ಟು ಏರುತ್ತದೆ. ತಮ್ಮ ಮೊಬೈಲಿನ ಹಾಟ್‌ಸ್ಪಾಟನ್ನೂ ಆರಿಸಿದರು, ಅದು ಅಷ್ಟು ಹೊತ್ತು ರಿಸೀವರ್ ಪಕ್ಕದಲ್ಲೇ ಉರಿಯುತ್ತಿತ್ತು!

ಎರಡನೇ ಅವಧಿಯಲ್ಲಿ ಒಂದಕ್ಷರವೂ ತಪ್ಪಲಿಲ್ಲ. ಮೊದಲ ಅವಧಿಯಲ್ಲಿ ಕಳೆದ ಮಾತುಗಳು ಟ್ರಾನ್ಸ್‌ಮಿಟರಿನೊಳಗೇ ಉಳಿದಿರಬಹುದಿತ್ತು. ಆ ಮಾದರಿಯಲ್ಲಿ ಒಳಗೇ ರೆಕಾರ್ಡ್ ಮಾಡಿಕೊಳ್ಳುವ ಸೌಲಭ್ಯವಿತ್ತು, ಆದರೆ ಗುಂಡಿ ಒತ್ತಿರಲಿಲ್ಲ.