ಜಾಹೀರಾತಿನಲ್ಲಿ ಎರಡು ಸಲ ಬಂದ ಮಾತು

ಹುಬ್ಬಳ್ಳಿಯ ಪಂಪ್‌ಸೆಟ್ ಡೀಲರೊಬ್ಬರು ಪತ್ರಿಕೆಯಲ್ಲಿ ಹೀಗೆ ಜಾಹೀರಾತು ಕೊಟ್ಟಿದ್ದಾರೆ ಎಂದುಕೊಳ್ಳಿ: ‘ಅಕೌಂಟೆಂಟ್ ಬೇಕಾಗಿದ್ದಾರೆ. ಬಿ.ಕಾಂ., 2 ವರ್ಷ ಅನುಭವ. ಟ್ಯಾಲಿ ಕಡ್ಡಾಯ, ಎಕ್ಸೆಲ್ ಗೊತ್ತಿದ್ದರೆ ಆದ್ಯತೆ. ಖರೀದಿ ಬಿಲ್‌ಗಳನ್ನು 2ಬಿ ಜೊತೆ ತಾಳೆ ನೋಡುವುದು, ಜಿಎಸ್‌ಟಿ ವ್ಯತ್ಯಾಸವಿದ್ದರೆ ಸಪ್ಲೈಯರ್‌ಗಳ ಬೆನ್ನುಹತ್ತಿ ಸರಿಪಡಿಸುವುದು, ಹಳ್ಳಿ ಅಂಗಡಿಗಳಿಂದ ಬಾಕಿ ವಸೂಲಿ. ಸ್ವಂತ ಬೈಕ್ ಇರಬೇಕು. ಶ್ರಮಜೀವಿ, ಹೊಂದಿಕೊಂಡು ಹೋಗುವವರು.’

ಇದನ್ನು ಓದಿದವರು ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಒಂದೊಂದು ಸಾಲು ಉತ್ತರ ಬರೆದು ಕಳಿಸುತ್ತಾರೆ. ಅದರ ಬದಲು ಪೆನ್ಸಿಲ್ ಹಿಡಿದು ಕೂತರೆ, ಮೊದಲು ಹೊಡೆದುಹಾಕಬೇಕಾದದ್ದು ‘ಶ್ರಮಜೀವಿ’ಯನ್ನು. ಅಡುಗೆಯವರು ಬೇಕೆಂಬ ಜಾಹೀರಾತಿಗೂ ಆ ಮಾತು ಒಪ್ಪುತ್ತದೆ. ಪತ್ರದಲ್ಲಿ ಬರೆದುಕೊಂಡರೆ ನಂಬುವವರು ಯಾರು? ಬಿ.ಕಾಂ. ಬಯೋಡೇಟಾದಲ್ಲೇ ಇರುತ್ತದೆ. ‘ಆದ್ಯತೆ’ ಎಂದದ್ದು ಸದ್ಯಕ್ಕೆ ಬದಿಗಿರಲಿ. ‘ಕಡ್ಡಾಯ’ ಎಂದ ಟ್ಯಾಲಿಗೆ ಮಾತ್ರ ಅರ್ಧ ಸಾಲು ಬೇಕು, ಇಲ್ಲದಿದ್ದರೆ ಪತ್ರವನ್ನು ಮುಂದೆ ಓದುವುದೇ ಇಲ್ಲ.

ಈಗ ಉಳಿದದ್ದನ್ನು ನೋಡಿ. ತೆರಿಗೆ ತಾಳೆಯ ವಿಷಯ ಎರಡು ಸಲ ಬಂದಿದೆ, ಅದೂ ‘ಬೆನ್ನುಹತ್ತಿ’ ಎಂಬ ಪದದೊಂದಿಗೆ. ಜಾಹೀರಾತಿನ ಭಾಷೆಯಲ್ಲಿ ಅಂಥ ಪದ ಸುಮ್ಮನೆ ಬರುವುದಿಲ್ಲ. ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸಿದರಷ್ಟೇ ಅದು ಖರೀದಿದಾರನ 2ಬಿ ಪಟ್ಟಿಗೆ ಬರುತ್ತದೆ. 2022ರ ಜನವರಿಯಿಂದ, ಅಲ್ಲಿ ಕಾಣದ ಬಿಲ್‌ನ ತೆರಿಗೆಗೆ ಕ್ರೆಡಿಟ್ ಸಿಗುವುದಿಲ್ಲ. ಪಟ್ಟಿ ಸಿದ್ಧವಾಗುವುದು ಸಾಮಾನ್ಯವಾಗಿ 14ನೇ ತಾರೀಖಿಗೆ, ತಿಂಗಳ ರಿಟರ್ನ್ ಕಟ್ಟಲು ಕೊನೆಯ ದಿನ 20. ಪಟ್ಟಿ ಸಿದ್ಧವಾಗುವ ಮೊದಲೇ ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸುವಂತೆ ನೋಡಿಕೊಳ್ಳದಿದ್ದರೆ ಮಾಲೀಕರು ಆ ತಿಂಗಳು ಕೈಯಿಂದ ದುಡ್ಡು ಕಟ್ಟಬೇಕಾಗಬಹುದು. ಹಿಂದಿನ ಅಕೌಂಟೆಂಟ್ ಎಡವಿದ್ದು ಇಲ್ಲೇ ಇರಬಹುದು.

ಎರಡನೆಯ ಸುಳಿವು ಬೈಕ್. ಅದನ್ನು ಬಾಕಿ ವಸೂಲಿಯ ಪಕ್ಕದಲ್ಲಿಟ್ಟು ಓದಿದರೆ, ಇದು ಬರೀ ಕುರ್ಚಿಯ ಕೆಲಸವಲ್ಲ, ವಾರಕ್ಕೆರಡು ದಿನವಾದರೂ ಊರೂರು ಸುತ್ತಬೇಕಾದೀತು ಎಂದು ತಿಳಿಯುತ್ತದೆ.

ಪತ್ರಕ್ಕೆ ಈ ಎರಡು ಸಾಕು. ಆಡಿಟರ್ ಆಫೀಸಿನಲ್ಲಿ ಒಂದೂವರೆ ವರ್ಷ ದುಡಿದ ಹುಡುಗಿಯೊಬ್ಬಳು ಹೀಗೆ ಬರೆಯಬಹುದು: ‘ಹದಿನೆಂಟು ತಿಂಗಳಿಂದ ಆರು ಅಂಗಡಿಗಳ ಖರೀದಿ ಲೆಕ್ಕವನ್ನು ಟ್ಯಾಲಿಯಿಂದ ತೆಗೆದು ಪ್ರತಿ ತಿಂಗಳು 2ಬಿ ಜೊತೆ ತಾಳೆ ನೋಡುತ್ತಿದ್ದೇನೆ. ಬಿಟ್ಟುಹೋದ ಬಿಲ್‌ಗಳಿಗೆ ಸಪ್ಲೈಯರ್‌ಗಳಿಗೆ ನಾನೇ ಫೋನ್ ಮಾಡುತ್ತೇನೆ.’ ಎರಡು ವರ್ಷಕ್ಕೆ ಆರು ತಿಂಗಳು ಕಡಿಮೆ ಎಂಬುದನ್ನು ಮುಚ್ಚಿಟ್ಟಿಲ್ಲ, ಅದಕ್ಕಾಗಿ ಕ್ಷಮೆಯನ್ನೂ ಕೇಳಿಲ್ಲ. ವಸೂಲಿಯ ಅನುಭವ ಅವಳಿಗಿಲ್ಲ. ಆದರೆ ಸ್ಕೂಟರ್ ಇದೆ, ಸುತ್ತಲು ತಯಾರಿದ್ದಾಳೆ ಎಂದರೆ ಒಂದು ಸಾಲು ಆಯಿತು. ಬಾರದ ಕೆಲಸ ಬರುತ್ತದೆ ಎಂದರೆ ಮೊದಲ ಸಂದರ್ಶನದಲ್ಲೇ ಬಯಲಾಗುತ್ತದೆ.

ಸರ್ಕಾರಿ ಹುದ್ದೆಗೆ ಈ ಆಯ್ಕೆಯ ಓದು ನಡೆಯದು. ಅಲ್ಲಿ ಅಧಿಸೂಚನೆಯ ಒಂದು ಅರ್ಹತೆ ತಪ್ಪಿದರೂ ಅರ್ಜಿ ತಿರಸ್ಕೃತವಾಗಬಹುದು.